ಕೂಲಿ ಏರಿಳಿದರೂ ವಾರದ ಖರ್ಚು ಏರಿಳಿಯದಂತೆ

ಮನೆ ಬಜೆಟ್ ಬಗ್ಗೆ ಯಾರೇ ಹೇಳಿಕೊಡಲಿ, ಮೊದಲ ಮಾತು ಒಂದೇ: ನಿಮ್ಮ ತಿಂಗಳ ಆದಾಯ ಬರೆಯಿರಿ. ದಿನಗೂಲಿಯ ಮನೆ ಅಲ್ಲೇ ನಿಂತುಬಿಡುತ್ತದೆ. ಏನಂತ ಬರೆಯುವುದು? ಹೋದ ವಾರ 6 ದಿನ ಕೆಲಸ ಇತ್ತು. ಈ ವಾರ 2 ದಿನ. ಮುಂದಿನ ವಾರದ್ದು ಮೇಸ್ತ್ರಿ ಫೋನ್ ಮಾಡಿದ ಮೇಲೆಯೇ ಗೊತ್ತಾಗುವುದು.

ಇಂಥ ಮನೆಗಳಲ್ಲಿ ಸಾಲ ಆದಾಗ ಜನ ಸುಲಭವಾಗಿ ಒಂದು ಮಾತು ಹೇಳಿಬಿಡುತ್ತಾರೆ: ದುಡ್ಡು ಬಂದಾಗ ಹಿಡಿತ ಇಲ್ಲ. ನನಗೆ ಇದು ಒಪ್ಪಿಗೆಯಿಲ್ಲ. ಎಷ್ಟೋ ಮನೆಗಳಲ್ಲಿ ಒಟ್ಟು ದುಡಿಮೆ ಖರ್ಚಿಗೆ ಸಾಕಾಗುವಷ್ಟೇ ಇರುತ್ತದೆ. ಆದರೆ ಅದು ಬೇಕಾದ ವಾರದಲ್ಲಿ ಬರುವುದಿಲ್ಲ. ಹೊಟ್ಟೆ ಪ್ರತಿ ವಾರ ಒಂದೇ ಅಳತೆಯದ್ದು, ಬಾಡಿಗೆಯೂ ಒಂದೇ. ಕೂಲಿ ಮಾತ್ರ ಹಾಗಲ್ಲ. ಹಾಗಾಗಿ ಇಲ್ಲಿ ಮುಖ್ಯ ಕೆಲಸ ಖರ್ಚು ಕಡಿಮೆ ಮಾಡುವುದಲ್ಲ. ಒಳ್ಳೆಯ ವಾರದ ದುಡ್ಡನ್ನು ಕೆಟ್ಟ ವಾರಕ್ಕೆ ದಾಟಿಸುವುದು. ಅದನ್ನು ಹೇಗೆ ಮಾಡುವುದು, ಎಷ್ಟು ದಾಟಿಸಿದರೆ ಸಾಕು ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ಮೊದಲು ಖರ್ಚನ್ನು ದಿನಗಳಲ್ಲಿ ಎಣಿಸಿ

ನಾಣ್ಯ ನೋಟಿನ ಲೆಕ್ಕವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಿಮಗೆ ಸಾಮಾನ್ಯವಾಗಿ ಸಿಗುವ ಒಂದು ದಿನದ ಕೂಲಿಯನ್ನೇ ಅಳತೆಗೋಲು ಮಾಡಿಕೊಳ್ಳಿ. ಅದನ್ನು ಸುಮ್ನೆ "ದಿನ" ಅನ್ನೋಣ. ಅರ್ಧ ದಿನ ಕೆಲಸ ಸಿಕ್ಕರೆ ಅರ್ಧ. ರಾತ್ರಿವರೆಗೂ ದುಡಿದು ಜಾಸ್ತಿ ಸಿಕ್ಕರೆ ಒಂದೂವರೆ. ಕಡಿಮೆ ಕೂಲಿಯ ಕೆಲಸ ಒಪ್ಪಿಕೊಂಡರೆ ಮುಕ್ಕಾಲು.

ಮನೆಯ ಪ್ರತಿ ಖರ್ಚನ್ನೂ ಇದೇ ಅಳತೆಯಲ್ಲಿ ಬರೆಯಿರಿ. ಬಣ್ಣ ಹೊಡೆಯುವ ಕೆಲಸ ಮಾಡುವವರ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವರ ಅಡುಗೆಮನೆ ವಾರಕ್ಕೆ 2 ದಿನದ ಕೂಲಿ ಬೇಡುತ್ತದೆ. ತಿಂಗಳ ಬಾಡಿಗೆ 3 ದಿನದ ಕೂಲಿ, ಅಂದರೆ ವಾರಕ್ಕೆ ಮುಕ್ಕಾಲು. ಕೆಲಸಕ್ಕೆ ಹೋಗಿಬರುವ ಖರ್ಚು ಮತ್ತು ಫೋನ್ ಸೇರಿ ಅರ್ಧ. ಕರೆಂಟು, ನೀರು, ಒಲೆಯ ಇಂಧನ ಸೇರಿ ಕಾಲು. ಮಕ್ಕಳ ಶಾಲೆ, ಮದ್ದು, ಬಟ್ಟೆಗೆ ಅರ್ಧ. ಎಲ್ಲ ಕೂಡಿದರೆ ವಾರಕ್ಕೆ 4 ದಿನ.

ಹೀಗೆ ಎಣಿಸಿದ ಕೂಡಲೇ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಈ ಮನೆ ನಡೆಯಲು ವಾರಕ್ಕೆ 4 ದಿನ ಕೆಲಸ ಸಿಗಬೇಕು. ಮೊತ್ತದಲ್ಲಿ ಬರೆದರೆ ಇದು ಇಷ್ಟು ಸಲೀಸಾಗಿ ಕಾಣುವುದಿಲ್ಲ. ದಿನಗಳಲ್ಲಿ ಬರೆದರೆ ಮನೆಯಲ್ಲಿ ಎಲ್ಲರಿಗೂ ಅರ್ಥ ಆಗುತ್ತದೆ. ಕೂಲಿಯ ದರ ಬದಲಾದಾಗ ಖರ್ಚಿನ ಪಟ್ಟಿಯನ್ನು ಒಮ್ಮೆ ಹೊಸ ದರಕ್ಕೆ ಹೊಂದಿಸಿ ಬರೆದುಕೊಂಡರೆ ಆಯಿತು.

ಬಾಡಿಗೆಯ ವಿಷಯದಲ್ಲಿ ಒಂದು ಸಣ್ಣ ಲಾಭವೂ ಇದೆ. ತಿಂಗಳ ಬಾಡಿಗೆಯ ನಾಲ್ಕನೇ ಒಂದು ಭಾಗವನ್ನು ಪ್ರತಿ ವಾರ ತೆಗೆದಿಟ್ಟರೆ ವರ್ಷದ 52 ವಾರಕ್ಕೆ 13 ಬಾಡಿಗೆಯಷ್ಟು ಸೇರುತ್ತದೆ. ಕೊಡಬೇಕಾದದ್ದು 12. ಉಳಿದ ಒಂದನ್ನು ರಿಪೇರಿಗೋ ಶಾಲೆ ಶುರುವಾಗುವ ತಿಂಗಳಿಗೋ ಇಟ್ಟುಕೊಳ್ಳಬಹುದು.

12 ವಾರದ ಹಾಜರಿ

ಈಗ ದುಡಿಮೆಯ ಕಡೆ ಬನ್ನಿ. ಒಂದು ನೋಟ್‌ಬುಕ್ಕಿನಲ್ಲಿ 12 ವಾರ ಎರಡು ಸಾಲು ಬರೆಯಿರಿ. ಮೊದಲ ಸಾಲಿನಲ್ಲಿ ಎಷ್ಟು ದಿನ ಕೆಲಸ ಮಾಡಿದಿರಿ. ಎರಡನೆಯದರಲ್ಲಿ ಎಷ್ಟು ದಿನದ ಕೂಲಿ ಕೈಗೆ ಬಂತು. ಇವೆರಡೂ ಒಂದೇ ಅಲ್ಲ, ಅಲ್ವಾ? ಮೇಸ್ತ್ರಿ "ಮುಂದಿನ ವಾರ ಕೊಡ್ತೀನಿ" ಅಂದದ್ದು ಮೊದಲ ಸಾಲಿನಲ್ಲಿರುತ್ತದೆ, ಎರಡನೆಯದರಲ್ಲಿ ಇರುವುದಿಲ್ಲ. ಬಜೆಟ್ಟಿಗೆ ಬೇಕಾದದ್ದು ಎರಡನೆಯ ಸಾಲು ಮಾತ್ರ. ಬಾಕಿಯನ್ನು ದುಡ್ಡು ಅಂತ ಲೆಕ್ಕ ಹಾಕಿದ ವಾರವೇ ಅಂಗಡಿಯಲ್ಲಿ ಉದ್ರಿ ಬರೆಸುವುದು ಶುರುವಾಗುತ್ತದೆ. ಮೊದಲ ಸಾಲು ಬೇರೆ ಕೆಲಸಕ್ಕೆ ಬರುತ್ತದೆ. ಬಾಕಿ ಕೇಳಲು ಹೋದಾಗ ತಾರೀಕು ಸಮೇತ ತೋರಿಸಬಹುದು. ಯಾರ ಹತ್ತಿರ ಬಾಕಿ ಪದೇ ಪದೇ ನಿಲ್ಲುತ್ತದೆ ಅನ್ನುವುದೂ ತಿಳಿಯುತ್ತದೆ.

ನಮ್ಮ ಉದಾಹರಣೆಯ ಮನೆಯಲ್ಲಿ 12 ವಾರ ಕೈಗೆ ಬಂದ ಕೂಲಿ ಹೀಗಿದೆ ಅಂದುಕೊಳ್ಳಿ:

6, 5, 6, 3, 4, 6, 5, 2, 1, 4, 6, 6

ಎಂಟನೇ, ಒಂಬತ್ತನೇ ವಾರ ಮಳೆ ಹಿಡಿದು ಹೊರಗಿನ ಗೋಡೆ ಕೆಲಸ ನಿಂತಿತ್ತು. ಒಟ್ಟು 54 ದಿನ. 12ರಿಂದ ಭಾಗಿಸಿದರೆ ಸರಾಸರಿ ವಾರಕ್ಕೆ ನಾಲ್ಕೂವರೆ. 12ರಲ್ಲಿ 7 ವಾರ 5 ದಿನ ಅಥವಾ ಅದಕ್ಕಿಂತ ಹೆಚ್ಚು ಕೆಲಸ ಸಿಕ್ಕಿದೆ. ಹಾಗಾಗಿ ಮನೆಯವರ ಮನಸ್ಸಿನಲ್ಲಿ "ನಮಗೆ ವಾರಕ್ಕೆ 5 ದಿನ ಸಿಗುತ್ತೆ" ಅಂತ ಕೂತಿರುತ್ತದೆ. ಅದು ಸುಳ್ಳೂ ಅಲ್ಲ. ಆದರೆ ವಾರಕ್ಕೆ 5 ದಿನದ ಕೂಲಿ ಖರ್ಚು ಮಾಡುತ್ತಾ ಹೋದರೆ ಏನಾಗುತ್ತದೆ ನೋಡಿ. ಮೂರನೇ ವಾರದ ಕೊನೆಗೆ 2 ದಿನ ಉಳಿದಿರುತ್ತದೆ. ನಾಲ್ಕನೇ ವಾರಕ್ಕೆ ಅದು ಸೊನ್ನೆ. ಏಳನೇ ವಾರದವರೆಗೆ ಹೇಗೋ ಸರಿದೂಗುತ್ತದೆ. ಹತ್ತನೇ ವಾರಕ್ಕೆ 8 ದಿನದ ಕೂಲಿಯಷ್ಟು ಸಾಲ. ಅದಾದ ಮೇಲೆ ಎರಡು ವಾರ ಪೂರ್ತಿ ಕೆಲಸ ಸಿಕ್ಕರೂ 6 ದಿನದ ಸಾಲ ಹಾಗೇ ಇರುತ್ತದೆ.

ಸರಾಸರಿಯಷ್ಟೇ, ಅಂದರೆ ನಾಲ್ಕೂವರೆ ದಿನದ ಕೂಲಿ ಖರ್ಚು ಮಾಡಿದರೆ? 12 ವಾರದ ಕೊನೆಗೆ ಲೆಕ್ಕ ಸರಿಯಾಗಿ ಸೊನ್ನೆಗೆ ಬರುತ್ತದೆ. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಆದರೆ ಹತ್ತನೇ ವಾರ ಈ ಮನೆ 3 ದಿನದ ಸಾಲದಲ್ಲಿ ನಿಂತಿರುತ್ತದೆ. ದಿನಗೂಲಿಯ ಮನೆಗೆ ಸರಾಸರಿ ಕೈ ಕೊಡುವುದು ಇಲ್ಲೇ. ಒಟ್ಟು ಎಷ್ಟು ಅಂತ ಅದು ಹೇಳುತ್ತದೆ. ಯಾವ ವಾರದ ನಂತರ ಯಾವ ವಾರ ಬರುತ್ತದೆ ಅಂತ ಹೇಳುವುದಿಲ್ಲ. ಮನೆ ನಡೆಸುವವರಿಗೆ ಬೇಕಾದದ್ದು ಎರಡನೆಯದು.

ಒಂದು ಡಬ್ಬಿ, ಒಂದು ವಾರದ ಸಂಬಳ

ಈಗ ಇದೇ 12 ವಾರವನ್ನು ಬೇರೆ ರೀತಿ ನಡೆಸೋಣ. ಬಂದ ಕೂಲಿಯೆಲ್ಲ ಮೊದಲು ಒಂದು ಡಬ್ಬಿಗೆ ಹೋಗುತ್ತದೆ. ಡಬ್ಬಿ ಅಂದರೆ ನಿಜವಾದ ಡಬ್ಬಿಯೇ ಆಗಬೇಕಿಲ್ಲ, ಬ್ಯಾಂಕ್ ಖಾತೆಯೂ ಆಗಬಹುದು. ಮನೆ ಖರ್ಚಿಗೆ ವಾರಕ್ಕೆ 4 ದಿನದ ಕೂಲಿ ಮಾತ್ರ ಅದರಿಂದ ಹೊರಗೆ ಬರುತ್ತದೆ. 6 ದಿನ ದುಡಿದ ವಾರವೂ 4. 1 ದಿನ ದುಡಿದ ವಾರವೂ 4. ಮನೆಗೆ ಸಂಬಳ ಕೊಡುವುದು ಈಗ ಮೇಸ್ತ್ರಿ ಅಲ್ಲ, ಡಬ್ಬಿ.

ವಾರದ ಕೊನೆಗೆ ಡಬ್ಬಿಯಲ್ಲಿ ಉಳಿಯುವುದು ಹೀಗಿರುತ್ತದೆ:

2, 3, 5, 4, 4, 6, 7, 5, 2, 2, 4, 6

ಒಂದು ಸಲವೂ ಸೊನ್ನೆಗಿಂತ ಕೆಳಗೆ ಹೋಗಲಿಲ್ಲ. ದುಡಿದದ್ದು ಅದೇ 54 ದಿನ. ವಾರಕ್ಕೆ 5 ಖರ್ಚು ಮಾಡಿದ ಮನೆ 6 ದಿನದ ಸಾಲದಲ್ಲಿ ನಿಂತರೆ, 4 ಖರ್ಚು ಮಾಡಿದ ಮನೆಯ ಕೈಯಲ್ಲಿ 6 ದಿನದ ಕೂಲಿ ಇದೆ.

ಇಲ್ಲಿ ಒಂದು ಅದೃಷ್ಟವೂ ಸೇರಿದೆ. ಈ ಮನೆ ಒಳ್ಳೆಯ ವಾರದಲ್ಲಿ ಶುರು ಮಾಡಿತು. ಒಂದು ವೇಳೆ ಎಂಟನೇ ವಾರದಿಂದಲೇ ಶುರು ಮಾಡಿದ್ದರೆ? 2 ದಿನ ಬಂದ ವಾರ 2 ಕಡಿಮೆ ಬೀಳುತ್ತದೆ. 1 ದಿನ ಬಂದ ವಾರ ಇನ್ನೂ 3. ಒಟ್ಟು 5 ದಿನದ ಕೂಲಿ ಕೊರತೆ. ಮುಂದಿನ ವಾರ 4 ಬಂದು 4 ಹೋಗುವುದರಿಂದ ಅದು ತುಂಬುವುದಿಲ್ಲ. ಹಾಗಾದರೆ ಈ ಮನೆಯ ಡಬ್ಬಿಯಲ್ಲಿ ಎಷ್ಟು ಇರಬೇಕು ಅನ್ನುವುದಕ್ಕೆ ಉತ್ತರ ಸಿಕ್ಕಿತು: ಕಡಿಮೆ ಅಂದರೂ 5 ದಿನ.

ನಿಮ್ಮ ನೋಟ್‌ಬುಕ್ಕಿನಲ್ಲೂ ಹೀಗೇ ಹುಡುಕಿ. ಒಂದಾದ ಮೇಲೊಂದು ಬಂದ ಕೆಟ್ಟ ವಾರಗಳನ್ನು ಗುರುತಿಸಿ. ಪ್ರತಿ ವಾರ ಖರ್ಚಿಗಿಂತ ಎಷ್ಟು ಕಡಿಮೆ ಬಂತು ಅಂತ ಕೂಡಿಸಿ. ಎಲ್ಲಕ್ಕಿಂತ ದೊಡ್ಡ ಮೊತ್ತವೇ ನಿಮ್ಮ ಡಬ್ಬಿಯ ತಳ. "ಆರು ತಿಂಗಳ ಖರ್ಚು ಉಳಿಸಿಡಿ" ಅನ್ನುವ ಮಾತು ಕೇಳಿ ಎದೆಗುಂದಿದವರಿಗೆ ಇದನ್ನು ಒತ್ತಿ ಹೇಳಬೇಕು. ಕೆಲಸದ ಏರಿಳಿತ ತಡೆದುಕೊಳ್ಳಲು ಬೇಕಾದದ್ದು ನಿಮ್ಮದೇ ಕೆಟ್ಟ ವಾರಗಳ ಅಳತೆ. ಈ ಮನೆಗೆ ಅದು ಒಂದು ವಾರದ ದುಡಿಮೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಶುರುವಿನಲ್ಲಿ ಡಬ್ಬಿ ಖಾಲಿ ಇರುತ್ತದೆ. ಆದ್ದರಿಂದ ಕೆಲಸ ಜೋರಾಗಿರುವ ಕಾಲದಲ್ಲಿ ಆರಂಭಿಸಿ. ಮೊದಮೊದಲು 4 ದಿನದ ಕೂಲಿಯನ್ನು ಒಟ್ಟಿಗೆ ತೆಗೆಯಲು ಆಗುವುದಿಲ್ಲ. ಕೂಲಿ ಬಂದ ಹಾಗೆ ಸ್ವಲ್ಪ ಸ್ವಲ್ಪ ತೆಗೆಯಿರಿ, ಆದರೆ ವಾರಕ್ಕೆ 4 ದಾಟಬೇಡಿ. ಡಬ್ಬಿ ಖಾಲಿ ಇರುವಾಗಲೇ 3 ದಿನದ ವಾರ ಬಂದರೆ 3ರಲ್ಲೇ ನಡೆಸಬೇಕಾಗುತ್ತದೆ. ಅದು ಕಷ್ಟದ ವಾರವೇ. ಡಬ್ಬಿಯಲ್ಲಿ 9 ದಿನದ ಕೂಲಿ ಸೇರಿದಾಗ, ಅಂದರೆ ಕೆಟ್ಟ ಕಾಲಕ್ಕೆ 5 ಮತ್ತು ಮುಂದಿನ ವಾರಕ್ಕೆ 4, ಆಗ ವಾರದ ಮೊದಲ ದಿನವೇ ಪೂರ್ತಿ 4 ತೆಗೆದು ಹಂಚಿಬಿಡಬಹುದು. ಅಲ್ಲಿಂದ ಮನೆಯ ನಡೆಯೇ ಬದಲಾಗುತ್ತದೆ. ಈ ವಾರ ಉಣ್ಣುತ್ತಿರುವುದು ಹಿಂದೆ ದುಡಿದದ್ದು. ನಾಳೆ ಕೆಲಸ ಸಿಗುತ್ತೋ ಇಲ್ಲವೋ ಅನ್ನುವುದಕ್ಕೂ ನಾಳೆಯ ಅಡುಗೆಗೂ ಸಂಬಂಧ ಕಡಿಯುತ್ತದೆ. ಕಡಿಮೆ ಕೂಲಿಗೆ ಕರೆದವನಿಗೆ "ಆಗಲ್ಲ" ಅನ್ನಲು ಕೂಡ ಆಗ ಮಾತ್ರ ಧೈರ್ಯ ಬರುವುದು.

ಹಂಚುವುದು ಹೇಗೆ? ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ಬಟವಾಡೆಯ ಮರುದಿನ ಒಳ್ಳೆಯದು. ತೆಗೆದ 4ರಲ್ಲಿ ಬಾಡಿಗೆಯ ಮುಕ್ಕಾಲನ್ನು ಮೊದಲು ಒಂದು ಲಕೋಟೆಗೆ ಹಾಕಿ. ಕರೆಂಟು, ನೀರು, ಇಂಧನದ ಕಾಲು ಇನ್ನೊಂದಕ್ಕೆ. ಶಾಲೆ, ಮದ್ದು, ಬಟ್ಟೆಯ ಅರ್ಧ ಮತ್ತೊಂದಕ್ಕೆ. ಓಡಾಟ ಮತ್ತು ಫೋನಿನ ಅರ್ಧ ದುಡಿಯಲು ಹೋಗುವವರ ಕೈಗೆ. ಉಳಿದ 2 ಅಡುಗೆಮನೆಗೆ. ಅಡುಗೆಮನೆಯ ದುಡ್ಡು ವಾರದ ಮಧ್ಯೆ ಮುಗಿದರೆ ಡಬ್ಬಿಗೆ ಕೈ ಹಾಕದೆ ಉಳಿದ ದಿನ ಹೇಗೆ ನಡೆಯಿತು ಅಂತ ಬರೆದಿಡಿ. ಎರಡು ಮೂರು ವಾರ ಹಾಗೇ ಆದರೆ 2 ಸಾಲುವುದಿಲ್ಲ ಅಂತ ಅರ್ಥ. ಆಗ ಅಂಕಿಯನ್ನೇ ತಿದ್ದಬೇಕು. ಮನೆಯವರನ್ನು ಬೈದು ಪ್ರಯೋಜನವಿಲ್ಲ.

ಕೆಟ್ಟ ವಾರದಲ್ಲಿ ಯಾವುದನ್ನು ಕಡಿಯಬಾರದು

ಡಬ್ಬಿ ಇನ್ನೂ ತುಂಬದೆ ಇರುವಾಗ ಕೆಟ್ಟ ವಾರ ಬಂದರೆ ಏನನ್ನಾದರೂ ಬಿಡಲೇಬೇಕು. ಸಾಮಾನ್ಯವಾಗಿ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಡಿಯುತ್ತೇವೆ. ಅದು ಸರಿಯಾದ ದಾರಿ ಅಲ್ಲ. ಪ್ರತಿ ಖರ್ಚಿಗೂ ಒಂದೇ ಪ್ರಶ್ನೆ ಹಾಕಿ: ಇದನ್ನು ಒಂದು ವಾರ ಮುಂದೂಡಿದರೆ ಏನು ದಂಡ?

ಓಡಾಟದ ಖರ್ಚು ಮತ್ತು ಫೋನ್ ಮುಂದೂಡಿದರೆ ದಂಡ ತುಂಬ ದೊಡ್ಡದು. ಕೆಲಸದ ಕರೆ ಬರುವುದೇ ಫೋನಿಗೆ. ಜಾಗಕ್ಕೆ ಹೋಗಲು ದುಡ್ಡಿಲ್ಲದೆ ಒಂದು ದಿನ ನಾಗಾ ಆದರೆ ಅರ್ಧ ದಿನದ ಕೂಲಿ ಉಳಿಸಲು ಹೋಗಿ ಒಂದು ದಿನದ್ದು ಕಳೆದ ಹಾಗೆ. ದಿನಾ ನುಂಗಬೇಕಾದ ಔಷಧಿಯೂ ಹೀಗೇ, ನಿಲ್ಲಿಸಿದರೆ ಮುಂದೆ ದೊಡ್ಡ ಖರ್ಚು. ಊಟವನ್ನಂತೂ ಕಡಿಯಲೇಬಾರದು, ಮೈ ಬಗ್ಗಿಸಿ ದುಡಿಯುವವರ ಊಟ ಮತ್ತು ಮಕ್ಕಳ ಊಟ ಎರಡೂ. ಬಟ್ಟೆ ಒಂದು ತಿಂಗಳು ಕಾದರೆ ಏನೂ ಆಗುವುದಿಲ್ಲ. ಬಾಡಿಗೆ ಇವೆರಡರ ನಡುವೆ ಬರುತ್ತದೆ. ಮನೆ ಮಾಲೀಕರಿಗೆ ತಾರೀಕಿಗಿಂತ ಮೊದಲೇ ಹೋಗಿ "ಈ ಸಲ ಅರ್ಧ ಈಗ, ಅರ್ಧ ಹತ್ತು ದಿನಕ್ಕೆ" ಅಂತ ಹೇಳಿದರೆ ಒಪ್ಪುವ ಸಾಧ್ಯತೆ ಇದೆ. ತಾರೀಕು ದಾಟಿ ಅವರೇ ಬಾಗಿಲು ತಟ್ಟಿದ ಮೇಲೆ ಅದೇ ಮಾತಿಗೆ ಬೆಲೆ ಕಡಿಮೆ.

ಬಾಡಿಗೆಯ ಲಕೋಟೆಗೆ ಕೈ ಹಾಕಲೇಬೇಕಾದರೆ ಎಷ್ಟು ತೆಗೆದಿರಿ ಅಂತ ಚೀಟಿ ಬರೆದು ಅದರೊಳಗೇ ಇಡಿ. ಅದು ಮನೆಯೊಳಗಿನ ಕೈಗಡ. ಚೀಟಿ ಇಲ್ಲದಿದ್ದರೆ ಲಕೋಟೆ ತುಂಬಿದೆ ಅನ್ನುವ ಭ್ರಮೆ ತಿಂಗಳ ಕೊನೆಯವರೆಗೂ ಇರುತ್ತದೆ.

ಸಾಲ ವಾರದ ಲೆಕ್ಕದೊಳಗೆ ಬಂದಾಗ

ಈ ಪುಟ್ಟ ಡಬ್ಬಿಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ವಾರದ ಕಂತಿನ ಸಾಲ. ಇಂಥ ಸಾಲದ ಒಂದು ಸಾಮಾನ್ಯ ರೂಪ ಹೀಗಿರುತ್ತದೆ: 10 ದಿನದ ಕೂಲಿಯಷ್ಟು ಸಾಲ ಅಂತ ಬರೆದುಕೊಂಡು, ಬಡ್ಡಿಯನ್ನು ಮೊದಲೇ ಹಿಡಿದು, ಕೈಗೆ 9 ಕೊಡುತ್ತಾರೆ. ವಾರಕ್ಕೆ 1ರಂತೆ 10 ವಾರ ಕಟ್ಟಬೇಕು. ಕೇಳಿದರೆ "ಹತ್ತಕ್ಕೆ ಒಂದು ತಾನೇ" ಅನಿಸುತ್ತದೆ.

ಆದರೆ ಆ 9 ದಿನದ ದುಡ್ಡು 10 ವಾರ ಪೂರ್ತಿ ನಿಮ್ಮ ಹತ್ತಿರ ಇರುವುದಿಲ್ಲ. ಮೊದಲ ವಾರದಿಂದಲೇ ವಾಪಸ್ ಹೋಗುತ್ತಿರುತ್ತದೆ. ಸರಾಸರಿ ನೋಡಿದರೆ ನಿಮ್ಮ ಕೈಯಲ್ಲಿ ಇದ್ದ ಸಾಲ ಸುಮಾರು 5 ದಿನದ ಕೂಲಿ. ಅದಕ್ಕೆ 10 ವಾರಕ್ಕೆ 1 ದಿನದ ಬಡ್ಡಿ ಕೊಟ್ಟಿದ್ದೀರಿ. ಐದಕ್ಕೆ ಒಂದು. ವರ್ಷದಲ್ಲಿ ಇಂಥ 10 ವಾರಗಳು ಐದಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತವೆ. ಹಾಗಾಗಿ ವರ್ಷದ ಲೆಕ್ಕದಲ್ಲಿ ಇದು ನೂರಕ್ಕೆ ನೂರರಷ್ಟು ಬಡ್ಡಿ.

ಬಡ್ಡಿಗಿಂತ ಕೆಟ್ಟದ್ದು ಇನ್ನೊಂದಿದೆ. ಕಂತು ಸೇರಿದ ಕೂಡಲೇ ಈ ಮನೆಯ ವಾರದ ಖರ್ಚು 4ರಿಂದ 5ಕ್ಕೆ ಏರುತ್ತದೆ. ವಾರಕ್ಕೆ 5 ಖರ್ಚು ಮಾಡಿದರೆ ಏನಾಗುತ್ತದೆ ಅಂತ ಮೇಲೆ ನೋಡಿದೆವು. ಒಂದು ಕೆಟ್ಟ ಕಾಲ ದಾಟಲು ತಂದ ಸಾಲ, ಮುಂದಿನ ಕೆಟ್ಟ ಕಾಲ ದಾಟಲಾಗದ ಹಾಗೆ ಮಾಡುತ್ತದೆ. ಆಗ ಹಳೆಯ ಸಾಲ ತೀರಿಸಲು ಹೊಸದು. ಈ ಸುಳಿಯಲ್ಲಿ ಸಿಕ್ಕ ಮನೆಗಳ ಮೇಲೆ "ಹಿಡಿತ ಇಲ್ಲ" ಅಂತ ಹೊರಿಸುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಹಾಗಾಗಿ ಇಂಥ ಸಾಲ ಈಗಾಗಲೇ ಇದ್ದರೆ, ಡಬ್ಬಿ ತಳದ ಮಟ್ಟ ದಾಟಿದ ಮೇಲೆ ಬರುವ ಹೆಚ್ಚಿನ ದುಡ್ಡೆಲ್ಲ ಮೊದಲು ಅದಕ್ಕೆ ಹೋಗಲಿ. ಮುಂಚೆಯೇ ತೀರಿಸಿದರೆ ಬಡ್ಡಿ ಬಿಡುತ್ತಾರೋ ಅಂತ ಕೇಳಿಕೊಳ್ಳಿ. ಬಿಡದಿದ್ದರೆ ಬೇಗ ಕಟ್ಟಿ ಲಾಭವಿಲ್ಲ. ಆಗ ಕಂತಿನ ದುಡ್ಡನ್ನು ಡಬ್ಬಿಯಲ್ಲೇ ಬೇರೆ ಇಟ್ಟು ವಾರ ವಾರ ಕಟ್ಟಿ. ಅಂಗಡಿಯ ಉದ್ರಿಯನ್ನೂ ಮರೆಯಬೇಡಿ. ಡಬ್ಬಿಯಲ್ಲಿ 6 ಇದೆ, ಅಂಗಡಿಯ ಪುಸ್ತಕದಲ್ಲಿ 2 ಇದೆ ಅಂದರೆ ನಿಮ್ಮಲ್ಲಿರುವುದು 4.

ಡಬ್ಬಿ ಸೋರುವ ಜಾಗಗಳು

ಪದೇ ಪದೇ ಕಾಣುವ ತಪ್ಪು ಒಂದಿದೆ. ಕೆಲಸದ ದುಡ್ಡು ಮತ್ತು ಮನೆಯ ದುಡ್ಡು ಬೆರೆಯುವುದು. ಬ್ರಷ್, ಬಣ್ಣ ತರಲು ಮಾಲೀಕರು ಕೊಟ್ಟದ್ದು ಅದೇ ಜೇಬಿನಲ್ಲಿ ಇರುತ್ತದೆ. ಡಬ್ಬಿ ಎರಡು ವಾರ ತುಂಬಿದಂತೆ ಕಾಣುತ್ತದೆ, ಸಾಮಾನು ತಂದ ದಿನ ಖಾಲಿ. ಮುಂಗಡವೂ ಹೀಗೇ. ಅದು ಮುಂದೆ ದುಡಿಯಬೇಕಾದ ದಿನಗಳ ಕೂಲಿ. ಮುಂಗಡ ಬಂದ ವಾರ 10 ಅಂತ ಬರೆದು ಖುಷಿಪಟ್ಟರೆ ಮುಂದಿನ ಎರಡು ವಾರ ದುಡಿದರೂ ಕೈಗೆ ಏನೂ ಬರುವುದಿಲ್ಲ. ಬಂದ ಮುಂಗಡವನ್ನು ಡಬ್ಬಿಗೆ ಹಾಕಿ, ನೋಟ್‌ಬುಕ್ಕಿನಲ್ಲಿ ಪಕ್ಕಕ್ಕೆ ಬರೆದು, ಕೆಲಸ ಮಾಡಿದ ದಿನಗಳಿಗೆ ತಕ್ಕಂತೆ ಎಣಿಸಿಕೊಳ್ಳಿ.

ಇನ್ನೊಂದು, ಕಣ್ಣೆದುರಿಗೆ ಇರುವ ದುಡ್ಡು. ಸಂಬಂಧಿಕರು ಕಷ್ಟ ಅಂತ ಬಂದಾಗ ಡಬ್ಬಿ ತುಂಬಿದ್ದರೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಕೊಡುವುದು ತಪ್ಪಲ್ಲ. ನಾಳೆ ನಮಗೂ ಅವರೇ ಆಗುವವರು. ಆದರೆ ಕೊಡುವ ಮಿತಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿ: ಡಬ್ಬಿಯ ತಳ 5 ಬಿಟ್ಟು ಮೇಲಿರುವುದರಲ್ಲಿ ಮಾತ್ರ. ತಳದ ಭಾಗವನ್ನು ಸುಲಭವಾಗಿ ಕೈಗೆ ಸಿಗದ ಕಡೆ ಇಡುವುದು ಒಳ್ಳೆಯದು. ಆದರೆ ತೀರ ದೂರ ಬೇಡ. ಎರಡು ದಿನದಲ್ಲಿ ತೆಗೆಯಲು ಆಗದ ದುಡ್ಡು ಕೆಟ್ಟ ವಾರಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಡಬ್ಬಿ ತಡೆಯಲಾರದ ಹೊಡೆತವೂ ಇದೆ. ದುಡಿಯುವವರೇ ಕಾಯಿಲೆ ಬಿದ್ದರೆ ಕೂಲಿ ನಿಲ್ಲುತ್ತದೆ, ಖರ್ಚು ಏರುತ್ತದೆ, ಎರಡೂ ಒಂದೇ ವಾರ. 5 ದಿನದ ತಳ ಇದಕ್ಕೆ ಸಾಲದು. ಅದಕ್ಕೆ ಬೇರೆಯದೇ ಉಳಿತಾಯ ಬೇಕು. ಡಬ್ಬಿಯಲ್ಲಿ 9 ನಿಂತ ಮೇಲೆ ಬರುವುದನ್ನು ಅದಕ್ಕೆ ಕೂಡಿಸುತ್ತಾ ಹೋಗಿ. ವಾರದ 4ನ್ನು 5 ಮಾಡುವ ಆಸೆ ಆಗ ಬಂದೇ ಬರುತ್ತದೆ. ಸ್ವಲ್ಪ ತಡೆಯಿರಿ.

4 ದಿನದ ಖರ್ಚಿನ ಮನೆಗೆ 12 ವಾರದ ಸರಾಸರಿಯೇ ಮೂರೂವರೆ ಬಂದರೆ ಏನು ಮಾಡುವುದು? ಆಗ ಎಂಥ ಡಬ್ಬಿಯೂ ಉಳಿಯುವುದಿಲ್ಲ. ಪ್ರತಿ ವಾರ ಅರ್ಧ ದಿನ ಸೋರಿ 9 ದಿನದ ಡಬ್ಬಿ 18 ವಾರದಲ್ಲಿ ಖಾಲಿ. ಇದು ಏರಿಳಿತದ ಸಮಸ್ಯೆ ಅಲ್ಲ, ದುಡಿಮೆಯೇ ಸಾಕಾಗದ ಸಮಸ್ಯೆ. ವಾರಕ್ಕೆ ಇನ್ನೊಂದು ಅರ್ಧ ದಿನದ ಕೆಲಸ ಬೇಕು, ಇಲ್ಲವೇ ಬಾಡಿಗೆಯಂಥ ದೊಡ್ಡ ಖರ್ಚು ಇಳಿಯಬೇಕು. ಇದನ್ನು ಸಾಲ ಆಗುವ ಮೊದಲೇ ತೋರಿಸುವುದು ಆ ನೋಟ್‌ಬುಕ್ಕು. ಎರಡನೆಯ ಸಾಲಿನ ಪಕ್ಕ ಪ್ರತಿ ವಾರ ಡಬ್ಬಿಯಲ್ಲಿ ಎಷ್ಟಿದೆ ಅಂತಲೂ ಬರೆಯಿರಿ. ಅಂಕಿ ಏರಿ ಇಳಿದು ಮತ್ತೆ ಏರುತ್ತಿದ್ದರೆ ಅದು ಏರಿಳಿತ. ಒಳ್ಳೆಯ ವಾರಗಳ ನಂತರವೂ ಪ್ರತಿ ಸಲ ಹಿಂದಿಗಿಂತ ಕೆಳಗೇ ನಿಲ್ಲುತ್ತಿದ್ದರೆ ದುಡಿಮೆ ಸಾಲುತ್ತಿಲ್ಲ.

12 ವಾರ ಮುಗಿದ ಮೇಲೆ ಹೊಸ ಪುಟ ತೆಗೆಯಿರಿ, ಹಳೆಯದನ್ನು ಹರಿಯಬೇಡಿ. ಮಳೆಗಾಲ, ಬಿಸಿಲುಗಾಲ ಎಲ್ಲ ಸೇರಿ ಒಂದು ವರ್ಷದ ಪುಟಗಳು ಕೂಡಿದಾಗ ಕೆಟ್ಟ ವಾರಗಳ ಉದ್ದ ನಿಜವಾಗಿ ಎಷ್ಟು ಅಂತ ಕಾಣುತ್ತದೆ. ನಮ್ಮ ಉದಾಹರಣೆಯ ಮನೆಗೆ ತಳ 5 ಅಂತ ಬಂದದ್ದು ಎರಡು ವಾರದ ಮಳೆಯಿಂದ. ನಾಲ್ಕು ವಾರ ಹಿಡಿದ ಮಳೆ ಪುಟದಲ್ಲಿ ಕಂಡರೆ 5ನ್ನು ಅಳಿಸಿ 10 ಬರೆಯಬೇಕಾಗಬಹುದು.